ಟರ್ಬೊ ಕಳಿಸಿದ ಬಿಲ್ಲು

ನಮ್ಮ ಮನೆಯಲ್ಲಿ ಎರಡು ಪೆಟ್ರೋಲ್ ಕಾರುಗಳಿವೆ. ಒಂದು ನಾಲ್ಕು ಸಿಲಿಂಡರಿನ 1.5 ಲೀಟರ್, ಟರ್ಬೊ ಇಲ್ಲದ್ದು. ಇನ್ನೊಂದು ಮೂರು ಸಿಲಿಂಡರಿನ 1 ಲೀಟರ್ ಟರ್ಬೊ; ಹೊಗೆಯ ರಭಸಕ್ಕೆ ತಿರುಗುವ ಚಕ್ರದಿಂದ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನವೇ ಈ ಟರ್ಬೊ. ಎರಡನ್ನೂ ಓಡಿಸಿದವನು ನಾನೇ, ಎರಡಕ್ಕೂ ಒಂದೇ ಬಗೆಯ ಸೋಮಾರಿತನ ತೋರಿದವನೂ ನಾನೇ. ಮೊದಲನೆಯದು ಅದನ್ನು ಸಹಿಸಿಕೊಂಡಿತು. ಎರಡನೆಯದು ಬಿಲ್ಲು ಕಳಿಸಿತು.

ಮಂಗಳೂರಿನಿಂದ ಹಾಸನಕ್ಕೆ ಹದಿನೈದು ದಿನಕ್ಕೊಮ್ಮೆ ಶಿರಾಡಿ ಘಾಟಿ ಹತ್ತುವುದು ನನ್ನ ರೂಢಿ. ಲಾರಿಗಳನ್ನು ಹಿಂದಿಕ್ಕುವಾಗ ಟರ್ಬೊ ಕಾರಿನ ಎಳೆತಕ್ಕೆ 1.5 ಸಮವಲ್ಲ, ಅದನ್ನು ಒಪ್ಪಬೇಕು. ಘಾಟಿ ಮುಗಿದ ಕೂಡಲೇ ಚಹಾದಂಗಡಿಯ ಮುಂದೆ ನಿಲ್ಲಿಸಿ ತಟ್ಟನೆ ಎಂಜಿನ್ ಆರಿಸುತ್ತಿದ್ದೆ. ಆಯಿಲ್ ಬದಲಾವಣೆಯನ್ನು 10,000 ಕಿಲೋಮೀಟರಿನಿಂದ 15,000ಕ್ಕೆ ಎಳೆದದ್ದೂ ಉಂಟು.

72,000 ಕಿಲೋಮೀಟರ್ ದಾಟಿದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹಿಂದಿನಿಂದ ನೀಲಿ ಹೊಗೆ ಬರತೊಡಗಿತು. ಕಾರಿನ ಕೆಳಗೆ ಒಂದು ಹನಿಯೂ ಸೋರಿರಲಿಲ್ಲ, ಆದರೂ ಆಯಿಲ್ ಕಡ್ಡಿಯಲ್ಲಿ ಮಟ್ಟ ಕೆಳಗಿನ ಗುರುತಿಗೆ ಇಳಿದಿತ್ತು. ಕೆಲವು ವಾರಗಳಲ್ಲಿ, ಆಕ್ಸಿಲರೇಟರ್ ಒತ್ತಿದಂತೆ ದೂರದ ಆಂಬುಲೆನ್ಸಿನ ಹಾಗೆ ಏರುವ ಕೂಗೂ ಸೇರಿತು.

ಮೆಕ್ಯಾನಿಕ್ ಟರ್ಬೊದಿಂದ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಕೊಳವೆ ಬಿಚ್ಚಿದರು. ಅಲ್ಲಿ ಆಯಿಲಿನ ತೆಳು ಪಸೆ ಇದ್ದರೆ ಚಿಂತೆಯಿಲ್ಲ, ನನ್ನದರಲ್ಲಿ ಮಡುಗಟ್ಟಿತ್ತು. ಟರ್ಬೊದ ದಂಡವನ್ನು ಬೆರಳಲ್ಲಿ ಅಲುಗಿಸಿದರೆ ಚಕ್ರದ ರೆಕ್ಕೆಗಳು ಕವಚಕ್ಕೇ ತಾಗುತ್ತಿದ್ದವು. ಆಮೇಲೆ ಆಯಿಲ್ ಬರುವ ಸಣ್ಣ ಪೈಪನ್ನು ತೆಗೆದು ತೋರಿಸಿ, "ಇದು ನೋಡಿ ಸರ್, ನಿಮ್ಮ ಚಹಾ" ಎಂದರು. ಒಳಗೆ ಕಪ್ಪು ಕರಿ ಕಟ್ಟಿತ್ತು.

ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಆ ದಂಡ ನಿಂತಿರುವುದೇ ಆಯಿಲಿನ ತೆಳು ಪದರದ ಮೇಲೆ. ಎಂಜಿನ್ ಆರಿದರೆ ಪಂಪ್ ನಿಲ್ಲುತ್ತದೆ, ಕೆಂಪಗೆ ಕಾದ ಟರ್ಬೊದಲ್ಲಿ ಉಳಿದ ಆಯಿಲ್ ಅಲ್ಲೇ ಸೀಯುತ್ತದೆ. ಹಳೆಯ ಆಯಿಲ್ ಇನ್ನೂ ಬೇಗ ಸೀಯುತ್ತದೆ. ಆರಿಸಿದ ಮೇಲೂ ತಣಿಸುವ ನೀರನ್ನು ಓಡಿಸುವ ವಿದ್ಯುತ್ ಪಂಪ್ ಕೆಲವು ಕಾರುಗಳಲ್ಲಿದೆ, ನನ್ನದರಲ್ಲಿ ಇರಲಿಲ್ಲ.

ಹೊಸ ಟರ್ಬೊ, ಪೈಪ್, ಆಯಿಲ್, ಕೂಲಿ ಸೇರಿ 70,000 ರೂಪಾಯಿಯ ಹತ್ತಿರ ಆಯಿತು. ಹಳೆಯ ಪೈಪನ್ನೇ ತೊಳೆದು ಹಾಕಿದರೆ ಸಾಲದೇ ಎಂದು ಕೇಳಿದೆ. ಒಳಗಿನ ಕರಿ ಪೂರ್ತಿ ಹೋಗದೆ ಹೊಸ ಟರ್ಬೊ ಕೂಡ ಆಯಿಲ್ ಸಿಗದೆ ಹಸಿದೇ ಸಾಯುತ್ತದೆ ಎಂದು ಅವರು ಒಪ್ಪಲಿಲ್ಲ.

ಮಾಮೂಲಿ ಸರ್ವಿಸ್ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟರೆ ಎರಡೂ ಕಾರಿಗೆ ಹೆಚ್ಚು ವ್ಯತ್ಯಾಸವಿಲ್ಲ. ಇಂಥ ಒಂದೇ ಏಟಿನಲ್ಲಿ ಲೆಕ್ಕ ಬದಲಾಗುತ್ತದೆ. 1.5 ಈಗ 1,40,000 ಕಿಲೋಮೀಟರ್ ಓಡಿದೆ; ಪ್ಲಗ್, ಥ್ರಾಟಲ್ ಶುಚಿ, ಒಂದು ಎಂಜಿನ್ ಮೌಂಟ್, ಅಷ್ಟೇ. ಐದು ವರ್ಷಕ್ಕೆ ಮಾರುವವರಿಗೆ ಟರ್ಬೊ ಬೇಡ ಎನ್ನಲಾರೆ. ಹತ್ತು ವರ್ಷ ಇಟ್ಟುಕೊಳ್ಳುವುದಾದರೆ ನಾನು 1.5 ಅನ್ನೇ ಕೊಳ್ಳುತ್ತೇನೆ.

ಟರ್ಬೊಗೆ ಈಗ 7,500 ಕಿಲೋಮೀಟರಿಗೆ ಆಯಿಲ್ ಬದಲಿಸುತ್ತೇನೆ. ಘಾಟಿ ಮುಗಿದ ಮೇಲೆ ಎರಡು ಕಿಲೋಮೀಟರ್ ಮೆಲ್ಲಗೆ ಓಡಿಸಿ, ನಿಲ್ಲಿಸಿದ ಮೇಲೂ ಒಂದು ನಿಮಿಷ ಎಂಜಿನ್ ಓಡಲು ಬಿಡುತ್ತೇನೆ. ಅಂಗಡಿಯವನು ಪ್ರತಿ ಸಲವೂ "ಸರ್, ಗಾಡಿ ಆರಿಸುವುದನ್ನು ಮರೆತಿರಿ" ಎನ್ನುತ್ತಾನೆ.