ಡ್ಯೂಮಾ ವಿಧಾನ: ನಳಿಗೆಯಲ್ಲಿ ಕಂಡದ್ದೆಲ್ಲ ನೈಟ್ರೋಜನ್ ಅಲ್ಲ

ಸಾವಯವ ವಸ್ತುವಿನಲ್ಲಿ ನೈಟ್ರೋಜನ್ ಶೇಕಡ ಎಷ್ಟಿದೆ ಎಂದು ತಿಳಿಯಲು ಬಳಸುವ ಡ್ಯೂಮಾ ವಿಧಾನದಲ್ಲಿ ಆ ವಸ್ತುವನ್ನು ತಾಮ್ರದ ಆಕ್ಸೈಡ್ ಜೊತೆ ಚೆನ್ನಾಗಿ ಕಾಯಿಸುತ್ತಾರೆ. ಹೊರಬರುವ ಅನಿಲ ಕೊನೆಗೆ ನೈಟ್ರೋಮೀಟರ್ ನಳಿಗೆ ಸೇರುತ್ತದೆ. ಅಲ್ಲಿರುವ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ನೈಟ್ರೋಜನ್ ಮೇಲೆ ಉಳಿಯುತ್ತದೆ. ಅದರ ಗಾತ್ರ ಓದಿದರೆ ಮುಗಿಯಿತು ಅಲ್ವಾ? ಇಲ್ಲ, ನಿಜವಾದ ಕೆಲಸ ಇಲ್ಲಿಂದಲೇ ಶುರು.

ಮೊದಲು ಅನಿಲ ಕೋಣೆಯ ತಾಪಕ್ಕೆ ಇಳಿಯಲಿ. ಆಮೇಲೆ ನಳಿಗೆಗೆ ಜೋಡಿಸಿದ, ಅದೇ ದ್ರಾವಣವಿರುವ ಪಕ್ಕದ ಬುರುಡೆಯನ್ನು ಮೇಲೆ ಕೆಳಗೆ ಸರಿಸಿ, ಎರಡೂ ಕಡೆ ದ್ರಾವಣದ ಮಟ್ಟ ಒಂದೇ ಆಗುವಂತೆ ಮಾಡಿ. ಆಗ ಮಾತ್ರ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮ. ಗಾತ್ರ, ತಾಪ, ಒತ್ತಡ ಮೂರನ್ನೂ ಒಟ್ಟಿಗೆ ಬರೆದುಕೊಳ್ಳಿ.

ಈಗ ನೀರಿನ ಆವಿ. ಅನಿಲ ನಿಂತಿರುವುದು ನೀರಿರುವ ದ್ರಾವಣದ ಮೇಲೆ, ಹಾಗಾಗಿ ಅದರಲ್ಲಿ ಆವಿಯೂ ಬೆರೆತಿರುತ್ತದೆ. ನಾವು ಅಳೆದ ಒತ್ತಡ ಇಬ್ಬರದೂ ಸೇರಿದ್ದು. ಆವಿಯ ಪಾಲನ್ನು ಕಳೆದರೆ ಉಳಿಯುವುದು ನೈಟ್ರೋಜನ್ನಿನ ಒತ್ತಡ. ಗಾತ್ರದಿಂದ ಏನನ್ನೂ ಕಳೆಯಬೇಡಿ; ಕಳೆಯಬೇಕಾದ್ದು ಒತ್ತಡದಿಂದ.

ಬೆಂಗಳೂರಿನ ಒಂದು ಲ್ಯಾಬ್ ಎಂದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ಗಾಳಿಯ ಒತ್ತಡ 685 ಮಿಮೀ ಪಾದರಸದ ಆಸುಪಾಸು. 0.200 ಗ್ರಾಂ ಅಸಿಟನಿಲೈಡ್ ತೆಗೆದುಕೊಂಡಾಗ 27 ಡಿಗ್ರಿಯಲ್ಲಿ 21.0 ಮಿಲೀ ಅನಿಲ ಬಂತು ಎನ್ನೋಣ. ಆ ತಾಪದಲ್ಲಿ ನೀರಿನ ಆವಿ ಒತ್ತಡ 26.7 ಮಿಮೀ. ಉಳಿದದ್ದು 658.3. ಇದನ್ನು 0 ಡಿಗ್ರಿ, 760 ಮಿಮೀಗೆ ತರಬೇಕು:

```
V = 21.0 × (658.3/760) × (273/300) = 16.55 mL
%N = (28/22400) × (16.55/0.200) × 100 = 10.3
```

ಸೂತ್ರದಿಂದ ಲೆಕ್ಕ ಹಾಕಿದರೆ ಅಸಿಟನಿಲೈಡ್‌ನಲ್ಲಿರುವುದು 10.36 ಶೇಕಡ. ಹತ್ತಿರ ಬಂತು. 22400 ಮಿಲೀಗೆ 28 ಗ್ರಾಂ ಎಂಬ ಲೆಕ್ಕ 0 ಡಿಗ್ರಿ, 760 ಮಿಮೀ ಸ್ಥಿತಿಗೆ ಮಾತ್ರ ಸಲ್ಲುವುದರಿಂದಲೇ ಇಷ್ಟೆಲ್ಲ ಪರದಾಟ. ಯಾವ ತಿದ್ದುಪಡಿಯೂ ಇಲ್ಲದೆ 21.0 ಹಾಕಿದ್ದರೆ 13.1 ಬರುತ್ತಿತ್ತು. ಆವಿಯನ್ನು ಮಾತ್ರ ಮರೆತಿದ್ದರೆ 10.8. ಈ ಎರಡನೆಯ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಅಪಾಯ ಜಾಸ್ತಿ.

ಒತ್ತಡವನ್ನು ಲ್ಯಾಬಿನ ಬ್ಯಾರೋಮೀಟರ್‌ನಲ್ಲೇ ಓದಿ. ಹವಾಮಾನ ಆ್ಯಪ್‌ಗಳು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ ತೋರಿಸುತ್ತವೆ, ಬೆಂಗಳೂರಿಗೂ 760ರ ಹತ್ತಿರದ ಅಂಕಿ. ಅದನ್ನೇ ಹಾಕಿದರೆ ಉತ್ತರ 11.5ಕ್ಕೆ ಏರಿಬಿಡುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಕೋಷ್ಟಕದ ಆವಿ ಒತ್ತಡ ಶುದ್ಧ ನೀರಿನದು. ಗಟ್ಟಿ ಹೈಡ್ರಾಕ್ಸೈಡ್ ದ್ರಾವಣದ ಮೇಲೆ ಆವಿ ಅದಕ್ಕಿಂತ ಸಾಕಷ್ಟು ಕಡಿಮೆ. ಪರೀಕ್ಷೆಯ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನೇ ಬಳಸಿ. ನಿಖರ ಕೆಲಸಕ್ಕಾದರೆ ಆ ದ್ರಾವಣದ ಆವಿ ಒತ್ತಡವನ್ನೇ ಹುಡುಕಿ ಕಳೆಯಬೇಕು. ಇಲ್ಲದಿದ್ದರೆ ತಿದ್ದುಪಡಿ ಅತಿಯಾಗಿ, ಶೇಕಡಾವಾರು ಸ್ವಲ್ಪ ಕೆಳಗಿಳಿಯುತ್ತದೆ.