ಇಬ್ಬರಿಗೂ 4.8: ಬೆಳಗಿನ ಕಾರ್ಟಿಸೋಲ್ ಮತ್ತು ಸೂಜಿ ಚುಚ್ಚಿದ ಹೊತ್ತು

ಕಳೆದ ಅಡಿಕೆ ಕೊಯ್ಲಿನ ಹಂಗಾಮಿನಲ್ಲಿ, ಒಂದೇ ವಾರದೊಳಗೆ, ಶಿರಸಿಯ ನನ್ನ ಚಿಕಿತ್ಸಾಲಯಕ್ಕೆ ರಕ್ತದ ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಅಳೆದ ಎರಡು ವರದಿಗಳು ಬಂದವು. ಎರಡರಲ್ಲೂ ಅಂಕಿ 4.8 ಮೈಕ್ರೋಗ್ರಾಂ ಪ್ರತಿ ಡೆಸಿಲೀಟರ್ ಎಂದಿತ್ತು. ಬೆಳಿಗ್ಗೆ 8 ಗಂಟೆಯ ಮಾದರಿಗೆ 5ರಿಂದ 25ರವರೆಗೆ ಸಹಜವೆಂದು ಪಕ್ಕದಲ್ಲಿ ಮುದ್ರಿಸಿದ್ದರಿಂದ, ಎರಡರ ಮುಂದೆಯೂ ‘ಕಡಿಮೆ’ ಎಂಬ ಗುರುತು ಬಿದ್ದಿತ್ತು. ಒಂದು ವರದಿ ಸಿದ್ದಾಪುರದ ಕಡೆಯ ಹಳ್ಳಿಯೊಂದರ 46 ವರ್ಷದ ಗೃಹಿಣಿಯದು. ಇನ್ನೊಂದು ನಾಲ್ಕು ದಶಕ ಅಡಿಕೆ ಮರ ಹತ್ತಿದ ಕೊನೆಗೌಡರೊಬ್ಬರದು. ಇಬ್ಬರದೂ ಒಂದೇ ದೂರು: ವಿಪರೀತ ಸುಸ್ತು, ಎದ್ದು ನಿಂತರೆ ತಲೆ ತಿರುಗುವುದು. ಆದರೆ ಒಂದು ವರದಿಗೆ ಅರ್ಥವೇ ಇರಲಿಲ್ಲ, ಇನ್ನೊಂದು ನಿಜವಾಗಿಯೂ ರೋಗವನ್ನು ಹೇಳುತ್ತಿತ್ತು.

ಮೊದಲ ವರದಿಯಲ್ಲಿ ತಪ್ಪು ನನ್ನದೇ. ಚೀಟಿಯಲ್ಲಿ ನಾನು ‘ಬೆಳಗಿನ ಕಾರ್ಟಿಸೋಲ್’ ಎಂದಷ್ಟೇ ಬರೆದಿದ್ದೆ. ಬೆಳಗು ಎಂದರೆ ಎಷ್ಟು ಗಂಟೆ ಎಂದು ಹೇಳಿರಲಿಲ್ಲ. ವರದಿಯ ಮೇಲೆ ಮುದ್ರಿತವಾಗಿದ್ದ ಸಮಯ ಸಂಜೆ 5.20, ಅದು ಮಾದರಿಗಳ ಪೆಟ್ಟಿಗೆ ಪ್ರಯೋಗಾಲಯಕ್ಕೆ ತಲುಪಿ ನೋಂದಣಿಯಾದ ಸಮಯವೇ ಹೊರತು ರಕ್ತ ತೆಗೆದ ಸಮಯವಲ್ಲ. ನಾನು ಆ ತಾಯಿಯನ್ನೇ ಕೇಳಿದೆ. “ಬಸ್ಸು ಇಳಿದು ಇಲ್ಲಿಗೆ ಬರೋವಾಗಲೇ ಹತ್ತೂವರೆ ಆಗಿತ್ತು ಡಾಕ್ಟ್ರೇ, ರಕ್ತ ಕೊಡುವಷ್ಟರಲ್ಲಿ ಹನ್ನೆರಡಾಗ್ತಾ ಬಂದಿತ್ತು” ಎಂದರು. ದಾದಿಯ ಪುಸ್ತಕದಲ್ಲಿ 11.40 ಎಂದಿತ್ತು. ಕಾರ್ಟಿಸೋಲ್ ಸೀರಮ್‌ನಲ್ಲಿ ಸಾಕಷ್ಟು ಹೊತ್ತು ಕೆಡದೆ ಉಳಿಯುವುದರಿಂದ ಸಾಗಣೆಯ ವಿಳಂಬ ಇಲ್ಲಿ ಅಂಕಿಯನ್ನು ತಗ್ಗಿಸಿರಲಿಲ್ಲ. ಅಂಕಿ ಸರಿಯಾಗಿಯೇ ಇತ್ತು. ಅದನ್ನು ಹೋಲಿಸಿದ ಅಳತೆಗೋಲು ಬೇರೆ ಹೊತ್ತಿನದಾಗಿತ್ತು.

ಕಾರ್ಟಿಸೋಲ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವ ವಸ್ತುವಲ್ಲ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್ ಎಂಬ ಹಾರ್ಮೋನು ಬಿಟ್ಟು ಬಿಟ್ಟು ಹೊಮ್ಮುತ್ತದೆ, ಅದಕ್ಕೆ ಓಗೊಟ್ಟು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಾರ್ಟಿಸೋಲನ್ನು ಸುರಿಸುತ್ತದೆ. ರಾತ್ರಿ ನಿದ್ದೆಯ ಕೊನೆಯ ಜಾವದಲ್ಲಿ ಈ ಹೊಮ್ಮುವಿಕೆ ಒತ್ತೊತ್ತಾಗಿ, ಎಚ್ಚರವಾಗುವ ಆಸುಪಾಸಿನಲ್ಲಿ ಮಟ್ಟ ಶಿಖರ ಮುಟ್ಟುತ್ತದೆ. ಬಳಿಕ ಇಳಿಯುತ್ತಾ ಹೋಗಿ ನಡುರಾತ್ರಿಯ ಹೊತ್ತಿಗೆ ತಳ ಕಾಣುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು ಒಂದರಿಂದ ಒಂದೂವರೆ ಗಂಟೆ ಮಾತ್ರ. ಹೀಗಾಗಿ ಹೊತ್ತೇರಿದ ಮೇಲೆ, ಎರಡು ಹೊಮ್ಮುವಿಕೆಗಳ ನಡುವಿನ ತಗ್ಗಿನಲ್ಲಿ ಸೂಜಿ ಚುಚ್ಚಿದರೆ, ಪೂರ್ಣ ಆರೋಗ್ಯವಂತರಲ್ಲಿಯೂ 4 ಅಥವಾ 5 ಬರಬಹುದು. ಎಲ್ಲರಲ್ಲೂ ಮಟ್ಟ ಎತ್ತರದಲ್ಲಿರಬೇಕಾದ ಹೊತ್ತಿನಲ್ಲಿ ಯಾರಲ್ಲಿ ಅದು ಏರಿಲ್ಲ ಎಂಬುದನ್ನು ಹಿಡಿಯಲಿಕ್ಕೇ 8 ಗಂಟೆಯ ನಿಯಮ ಇರುವುದು.

ಮರುಪರೀಕ್ಷೆಗೆ ಆ ತಾಯಿಯನ್ನು ಹಿಂದಿನ ಸಂಜೆಯೇ ಬಂದು ಶಿರಸಿಯಲ್ಲಿರುವ ತಂಗಿಯ ಮನೆಯಲ್ಲಿ ಉಳಿಯುವಂತೆ ಕೇಳಿಕೊಂಡೆ. ಇದಕ್ಕಿಂತ ಮುಖ್ಯವಾಗಿ, ಅವರು ಎಷ್ಟು ಹೊತ್ತಿಗೆ ಮಲಗಿ ಏಳುತ್ತಾರೆ ಎಂದು ವಿಚಾರಿಸಿದೆ. ನಮ್ಮ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಹೆಂಗಸರು ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂರುವುದುಂಟು, ಇಲ್ಲವೇ ಮೂರೂವರೆಗೇ ಏಳುವುದುಂಟು. ದೇಹದೊಳಗಿನ ಗಡಿಯಾರ ಗೋಡೆಯ ಗಡಿಯಾರವನ್ನು ನೋಡಿ ನಡೆಯುವುದಿಲ್ಲ. ಕಾರವಾರದಲ್ಲಿರುವ ನನ್ನ ಸಹಪಾಠಿಯೊಬ್ಬರಿಗೆ ಈ ತೊಡಕು ಇನ್ನೂ ಹೆಚ್ಚು. ರಾತ್ರಿಯೆಲ್ಲ ಬಲೆ ಎಳೆದು ಬೆಳಿಗ್ಗೆ ಬೈತಖೋಲ ಬಂದರಿಗೆ ಮರಳುವವರ 8 ಗಂಟೆಯ ರಕ್ತ ಅವರ ದೇಹಕ್ಕೆ ಬೆಳಗಿನದೋ ಸಂಜೆಯದೋ ಹೇಳುವುದು ಕಷ್ಟ. ತುರ್ತು ಇಲ್ಲದಿದ್ದರೆ ಅಂಥವರ ಪರೀಕ್ಷೆಯನ್ನು ಅವರು ಜೂನ್–ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ, ಕೆಲವು ವಾರ ರಾತ್ರಿ ನಿದ್ದೆ ಮಾಡಿದ ಮೇಲೆ ಇಟ್ಟುಕೊಳ್ಳುತ್ತಾರೆ.

ನಮ್ಮ ರೋಗಿ ಆ ವಾರ ಸುಲಿಗೆ ಕೂರಲಿಲ್ಲ. ಹತ್ತಕ್ಕೆ ಮಲಗಿ ಆರಕ್ಕೆ ಎದ್ದು, ನಡೆದು ಬಂದು, ಕಾಲು ಗಂಟೆ ಸುಮ್ಮನೆ ಕುಳಿತ ಮೇಲೆ 8.05ಕ್ಕೆ ರಕ್ತ ಕೊಟ್ಟರು. ದಾದಿ ಆ ಸಮಯವನ್ನು ಕೊಳವೆಯ ಚೀಟಿಯ ಮೇಲೆಯೇ ಪೆನ್ನಿನಲ್ಲಿ ಬರೆದರು. ಫಲಿತಾಂಶ 16.4. ಸಾಮಾನ್ಯವಾಗಿ ಬೆಳಗಿನ ಮಟ್ಟ 3ಕ್ಕಿಂತ ಕೆಳಗಿದ್ದರೆ ಅಡ್ರಿನಲ್ ಕೊರತೆಯ ಸಂಶಯ ಬಲವಾಗುತ್ತದೆ, 15 ದಾಟಿದರೆ ಕೊರತೆ ಇರುವ ಸಂಭವ ತೀರಾ ಕಡಿಮೆ. ನಡುವಿನ ಅಂಕಿ ಬಂದವರಿಗೆ 250 ಮೈಕ್ರೋಗ್ರಾಂ ಕೃತಕ ಎಸಿಟಿಎಚ್ ಚುಚ್ಚಿ, 30 ಮತ್ತು 60 ನಿಮಿಷದ ಬಳಿಕ ಮತ್ತೆ ಅಳೆಯಬೇಕಾಗುತ್ತದೆ. ಈ ತಾಯಿಗೆ ಅದರ ಅಗತ್ಯ ಬೀಳಲಿಲ್ಲ. ಅವರ ಸುಸ್ತಿಗೆ ಕಾರಣವಾಗಿದ್ದುದು 8.2ಕ್ಕೆ ಇಳಿದಿದ್ದ ಹಿಮೋಗ್ಲೋಬಿನ್.

ಆದರೆ 16.4 ಕಂಡು ಸಮಾಧಾನಪಡುವ ಮೊದಲು ಅವರು ಮುಟ್ಟಿನ ತೊಂದರೆಗೆ ಈಸ್ಟ್ರೋಜೆನ್ ಇರುವ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ಕೇಳಿದ್ದೆ. ರಕ್ತದ ಕಾರ್ಟಿಸೋಲಿನ ಬಹುಪಾಲು ಒಂದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಈಸ್ಟ್ರೋಜೆನ್ ಆ ಪ್ರೋಟೀನನ್ನು ಹೆಚ್ಚಿಸುತ್ತದೆ. ನಾವು ಅಳೆಯುವುದು ಅಂಟಿದ್ದು, ಬಿಡಿಯಾಗಿದ್ದು ಎರಡನ್ನೂ ಸೇರಿಸಿ. ಆದ್ದರಿಂದ ಕೊರತೆ ಇರುವವರಲ್ಲೂ ಅಂಕಿ ಸಹಜವೆಂದು ಕಾಣಬಹುದು, ಕೊರತೆ ಇಲ್ಲದವರಲ್ಲಿ ವಿಪರೀತವೆಂದು ಕಾಣಬಹುದು. ಎರಡನೆಯದಕ್ಕೆ ಒಂದು ಉದಾಹರಣೆ ನನ್ನಲ್ಲಿಯೇ ಇದೆ. ಕುಮಟಾದಿಂದ ಬಂದ ಯುವತಿಯೊಬ್ಬರ ಬೆಳಗಿನ ಕಾರ್ಟಿಸೋಲ್ 31 ಬಂದು, ತೂಕವೂ ಏರಿದ್ದರಿಂದ, ಮನೆಯವರು ಕಾರ್ಟಿಸೋಲ್ ಅತಿಯಾಗುವ ಕುಶಿಂಗ್ ಕಾಯಿಲೆ ಎಂದೇ ಗಾಬರಿಯಾಗಿದ್ದರು. ಕುಶಿಂಗ್ ಇದೆಯೇ ಎಂದು ತಿಳಿಯಲು ಬೆಳಗಿನ ಒಂದು ಅಂಕಿಯನ್ನು ಆಧರಿಸುವುದೇ ಸರಿಯಲ್ಲ, ಏಕೆಂದರೆ ಬೆಳಿಗ್ಗೆ ಮಟ್ಟ ಎಲ್ಲರಲ್ಲೂ ಎತ್ತರದಲ್ಲಿಯೇ ಇರುತ್ತದೆ. ಆ ಕಾಯಿಲೆಯಲ್ಲಿ ಕೆಡುವುದು ರಾತ್ರಿಯ ಇಳಿತ. ಹಾಗಾಗಿ ತಡರಾತ್ರಿಯ ಎಂಜಲಿನಲ್ಲಿ ಅಳೆಯಬೇಕು, ಇಲ್ಲವೇ ರಾತ್ರಿ 11ಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಕೃತಕ ಸ್ಟೀರಾಯ್ಡ್ ಕೊಟ್ಟು ಮರುದಿನ 8ಕ್ಕೆ ಮಟ್ಟ 1.8ಕ್ಕಿಂತ ಕೆಳಗಿಳಿಯಿತೇ ನೋಡಬೇಕು. ಆ ಯುವತಿ ಮುಟ್ಟಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಸ್ತ್ರೀರೋಗ ತಜ್ಞರ ಒಪ್ಪಿಗೆಯೊಂದಿಗೆ ಅದನ್ನು ಆರು ವಾರ ನಿಲ್ಲಿಸಿ ಡೆಕ್ಸಾಮೆಥಾಸೋನ್ ಪರೀಕ್ಷೆ ಮಾಡಿದಾಗ 1.1 ಬಂತು. ಮಾತ್ರೆ ನಿಲ್ಲಿಸದೆ ಮಾಡಿದ್ದರೆ ಈ ಪರೀಕ್ಷೆಯೂ ದಾರಿ ತಪ್ಪಿಸುವ ಸಾಧ್ಯತೆ ಇತ್ತು.

ಇನ್ನು ಕೊನೆಗೌಡರ ವಿಷಯ. ಅವರ ಮನೆ ಪೇಟೆಯ ಅಂಚಿನಲ್ಲಿಯೇ ಇದ್ದುದರಿಂದ 7.50ಕ್ಕೆ ರಕ್ತ ಕೊಟ್ಟಿದ್ದರು. ಐದೂವರೆಗೆ ಏಳುವ ಮನುಷ್ಯ, ರಾತ್ರಿ ನಿದ್ದೆಯೂ ಸರಿಯಾಗಿತ್ತು. ಅಂದರೆ 4.8 ಎಂಬುದು ಶಿಖರದಲ್ಲಿಯೇ ತೆಗೆದ ಅಂಕಿ. ಮಲಗಿದ್ದಾಗ 104 ಇದ್ದ ಅವರ ರಕ್ತದೊತ್ತಡ ನಿಂತಾಗ 82ಕ್ಕೆ ಇಳಿಯುತ್ತಿತ್ತು, ಸೋಡಿಯಂ 131 ಇತ್ತು, ಪೊಟ್ಯಾಸಿಯಂ ಸಹಜವಾಗಿತ್ತು. ಅಡ್ರಿನಲ್ ಗ್ರಂಥಿಯೇ ಹಾಳಾದವರಲ್ಲಿ, ಉದಾಹರಣೆಗೆ ಅದಕ್ಕೆ ಕ್ಷಯ ತಗಲಿದವರಲ್ಲಿ, ಒಸಡು ಮತ್ತು ಅಂಗೈಗೆರೆಗಳು ಕಪ್ಪಾಗುತ್ತವೆ; ಇವರಲ್ಲಿ ಅದಿರಲಿಲ್ಲ. ಹೊರಗಿನಿಂದ ಬಂದ ಸ್ಟೀರಾಯ್ಡ್ ಗ್ರಂಥಿಯನ್ನು ಮಲಗಿಸಿರಬೇಕು ಎಂದು ನನಗೆ ಅನ್ನಿಸಿತು.

“ಸ್ಟೀರಾಯ್ಡ್ ತಗೊಂಡಿದ್ದೀರಾ” ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ, ಏಕೆಂದರೆ ಅವರಿಗೂ ಅದು ಗೊತ್ತಿರುವುದಿಲ್ಲ. ನಾನು ಕೇಳಿದ್ದು ಮಂಡಿನೋವಿಗೆ ಏನು ಮಾಡಿದಿರಿ ಎಂದು. ಎರಡು ವರ್ಷದಿಂದ ಒಂದು ಅಂಗಡಿಯಲ್ಲಿ ಕಾಗದದ ಪೊಟ್ಟಣದಲ್ಲಿ ಕೊಡುತ್ತಿದ್ದ ‘ನೋವಿನ ಗುಳಿಗೆ’ ದಿನಕ್ಕೆರಡು ನುಂಗುತ್ತಿದ್ದರಂತೆ, ಮೂರು ವಾರದ ಹಿಂದೆ ತಾವಾಗಿಯೇ ಬಿಟ್ಟರಂತೆ. ಮನೆಯ ಗೂಡಿನಲ್ಲಿ ಉಳಿದಿದ್ದ ಒಂದು ಪೊಟ್ಟಣ ತರಿಸಿದೆ. ನೋವಿನ ಮಾತ್ರೆಯ ಜೊತೆಗೆ ಪಟ್ಟಿಯಿಂದ ಕತ್ತರಿಸಿದ ಒಂದು ತುಣುಕಿತ್ತು. ಅದರ ಬೆನ್ನಿನ ಮೇಲೆ ಅರ್ಧ ಅಳಿಸಿದ ಅಕ್ಷರಗಳಲ್ಲಿ ಡೆಕ್ಸಾಮೆಥಾಸೋನ್ 0.5 ಮಿಲಿಗ್ರಾಂ ಎಂದಿತ್ತು. ಕಾರ್ಟಿಸೋಲ್ ಪರೀಕ್ಷೆ ಡೆಕ್ಸಾಮೆಥಾಸೋನನ್ನು ಗುರುತಿಸುವುದಿಲ್ಲ, ಆದ್ದರಿಂದ ಗ್ರಂಥಿ ಮಲಗಿರುವುದು ಹಾಗೆಯೇ ಕಾಣುತ್ತದೆ. ಅದು ಪ್ರೆಡ್ನಿಸೋಲೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಆಗಿದ್ದು, ಅವರು ಇನ್ನೂ ನುಂಗುತ್ತಲೇ ಇದ್ದಿದ್ದರೆ, ಹಲವು ಯಂತ್ರಗಳು ಅದನ್ನೂ ಕಾರ್ಟಿಸೋಲ್ ಎಂದೇ ಎಣಿಸಿ ಅಂಕಿಯನ್ನು ಏರಿಸಿ ತೋರಿಸುತ್ತಿದ್ದವು, ನಾವು ಕೊರತೆ ಇಲ್ಲವೆಂದು ಮನೆಗೆ ಕಳಿಸುತ್ತಿದ್ದೆವು.

ಇಲ್ಲಿ ಒಂದು ಮಾತನ್ನು ಹೇಳಿ ಮುಂದುವರಿಯಬೇಕು. ಇವರು ವಾಂತಿ ಮಾಡುತ್ತಾ, ರಕ್ತದೊತ್ತಡ ಕುಸಿದು ಬಂದಿದ್ದರೆ ನಾನು 8 ಗಂಟೆಗಾಗಿ ಕಾಯುತ್ತಿರಲಿಲ್ಲ. ಆಗ ಯಾವ ಹೊತ್ತಿನಲ್ಲಾದರೂ ಒಂದು ಕೊಳವೆ ರಕ್ತ ತೆಗೆದಿಟ್ಟು, ವರದಿಯ ದಾರಿ ನೋಡದೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚಿ, ಸಲೈನ್ ಏರಿಸಬೇಕು. ಅಂಥ ಸಂಕಟದಲ್ಲಿ ಕಾರ್ಟಿಸೋಲ್ ನಡುರಾತ್ರಿಯಲ್ಲೂ ಏರಿರಬೇಕು, ಹಾಗಾಗಿ ಸಮಯದ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಗೌಡರಿಗೆ ಎದ್ದ ಕೂಡಲೇ 10, ಮಧ್ಯಾಹ್ನ 5 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಆರಂಭಿಸಿದೆ. ಜ್ವರ ಬಂದರೆ ಎರಡರಷ್ಟು ನುಂಗಬೇಕು, ವಾಂತಿಯಾದರೆ ಆಸ್ಪತ್ರೆಗೆ ಬಂದು ಚುಚ್ಚುಮದ್ದು ಪಡೆಯಬೇಕು ಎಂದು ಅವರ ಮಗನಿಗೆ ಬರೆದು ಕೊಟ್ಟೆ. ಮರಹತ್ತುವುದನ್ನು ಬಿಡಿಸಿದೆ, ಅದು ಅವರಿಗೆ ಕಾಯಿಲೆಗಿಂತ ಹೆಚ್ಚು ನೋವು ಕೊಟ್ಟಿತು. ಮುಂದಿನ ಪರೀಕ್ಷೆಗಳಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕಾಯಿತು, ಏಕೆಂದರೆ ಹೈಡ್ರೋಕಾರ್ಟಿಸೋನ್ ಎಂದರೆ ಕಾರ್ಟಿಸೋಲೇ. ನುಂಗಿ ಬಂದರೆ ನಾವು ಅಳೆಯುವುದು ಮಾತ್ರೆಯನ್ನು. ಹಿಂದಿನ ದಿನ ಬೆಳಗಿನ ಮಾತ್ರೆ ಮಾತ್ರ ನುಂಗಿ, ಮಧ್ಯಾಹ್ನದ್ದನ್ನು ಬಿಟ್ಟು, ಮರುದಿನ 8ಕ್ಕೆ ರಕ್ತ ಕೊಟ್ಟು, ಆಮೇಲೆ ಜೇಬಿನಲ್ಲಿ ತಂದ ಮಾತ್ರೆಯನ್ನು ನಮ್ಮ ಬೆಂಚಿನ ಮೇಲೆಯೇ ಕುಳಿತು ನುಂಗುವ ಏರ್ಪಾಡು ಮಾಡಿದೆವು.

ಹೊರಗಿನ ಸ್ಟೀರಾಯ್ಡ್‌ನಿಂದ ಮಲಗಿದ ಗ್ರಂಥಿಗೆ ನಾನು ಅನುಸರಿಸುವ ಲೆಕ್ಕ 2024ರ ಯುರೋಪ್ ಮತ್ತು ಅಮೆರಿಕದ ಅಂತಃಸ್ರಾವ ತಜ್ಞರ ಜಂಟಿ ಮಾರ್ಗಸೂಚಿಯದು: 5ರ ಕೆಳಗಿದ್ದರೆ ಇನ್ನೂ ಎದ್ದಿಲ್ಲ, 5ರಿಂದ 10ರ ನಡುವೆ ಇದ್ದರೆ ಮಾತ್ರೆ ಮುಂದುವರಿಸಿ ಕೆಲವು ವಾರ, ತಿಂಗಳ ಬಳಿಕ ಮತ್ತೆ ನೋಡುವುದು, 10 ದಾಟಿದರೆ ನಿಲ್ಲಿಸಬಹುದು. ಮೂರು ತಿಂಗಳಿಗೆ 7.6 ಬಂತು. ಆರನೆಯ ತಿಂಗಳು ಮೊದಲ ಸಲ 14 ಬಂದಾಗ ನನಗೇ ಖುಷಿಯಾಗಿತ್ತು. ಆದರೆ ಬೆಂಚಿನ ಮೇಲೆ ನುಂಗಬೇಕಾಗಿದ್ದ ಮಾತ್ರೆ ಜೇಬಿನಲ್ಲಿ ಇರಲಿಲ್ಲವೆಂದು ದಾದಿ ಹೇಳಿದರು. ಗೌಡರು ಅಭ್ಯಾಸಬಲದಿಂದ ಮನೆಯಲ್ಲಿಯೇ ನುಂಗಿ ಬಂದಿದ್ದರು. ಎಂಟು ದಿನ ಬಿಟ್ಟು ಮತ್ತೆ 7.55ಕ್ಕೆ ತೆಗೆದೆವು, 11.2 ಬಂತು, ಮಾತ್ರೆ ನಿಲ್ಲಿಸಿದೆವು.