ರೇಡಿಯೇಟರ್ ಲೆಕ್ಕದಲ್ಲಿ ನಾನು ಎಡವಿದ ಕಡೆಗಳು

ಡೀಸೆಲ್ ಎಂಜಿನ್ನಿನ ರೇಡಿಯೇಟರ್ ಒಂದನ್ನು ಪರೀಕ್ಷಾ ಮಂಚದ ಮೇಲೆ ಕೂರಿಸಿ, ಅದು ಎಷ್ಟು ಶಾಖವನ್ನು ಹೊರಹಾಕುತ್ತದೆ ಎಂದು ಮೊದಲು ಲೆಕ್ಕದಿಂದ, ಆಮೇಲೆ ಅಳತೆಯಿಂದ ಹೇಳುವುದು ನನ್ನ ಕೆಲಸವಾಗಿತ್ತು. 90 ಡಿಗ್ರಿಯ ನೀರು ಸೆಕೆಂಡಿಗೆ 0.8 ಕಿಲೋಗ್ರಾಂನಂತೆ ಒಳಬರುತ್ತಿತ್ತು. ಅದಕ್ಕೆ ಅಡ್ಡವಾಗಿ 35 ಡಿಗ್ರಿಯ ಗಾಳಿಯನ್ನು ಫ್ಯಾನ್ ಸೆಕೆಂಡಿಗೆ 1.5 ಕಿಲೋಗ್ರಾಂನಂತೆ ನೂಕುತ್ತಿತ್ತು. ಹೊರಹೋಗುವ ಎರಡು ತಾಪಮಾನಗಳೂ ಮೊದಲೇ ಗೊತ್ತಿರಲಿಲ್ಲ. ಅವು ಗೊತ್ತಿಲ್ಲದಿದ್ದರೆ ಸರಾಸರಿ ತಾಪಮಾನ ವ್ಯತ್ಯಾಸದ ದಾರಿಯಲ್ಲಿ ಊಹಿಸಿ, ತಿದ್ದಿ, ಮತ್ತೆ ಊಹಿಸಬೇಕಾಗುತ್ತದೆ. ರೇಡಿಯೇಟರಿನ ಶಾಖ ದಾಟಿಸುವ ಸಾಮರ್ಥ್ಯವನ್ನು ಹರಿವಿನ ಶಾಖ ಹೊರುವ ಸಾಮರ್ಥ್ಯಕ್ಕೆ ಹೋಲಿಸುವ ಎನ್‌ಟಿಯು ದಾರಿಯಲ್ಲಿ ಆ ತಾಪತ್ರಯವಿಲ್ಲ.

ಈ ರೇಡಿಯೇಟರಿನಲ್ಲಿ ಗಾಳಿಯ ದಿಕ್ಕಿನಲ್ಲಿ ಒಂದರ ಹಿಂದೊಂದರಂತೆ ನಾಲ್ಕು ಸಾಲು ಚಪ್ಪಟೆ ಕೊಳವೆಗಳಿದ್ದವು. ಒಂದು ಸಾಲಿನ ನೀರು ಮುಂದಿನ ಸಾಲಿನ ನೀರನ್ನು ಸೇರುವುದಿಲ್ಲ. ಕೊಳವೆಗಳ ನಡುವಿನ ಫಿನ್‌ಗಳು ಗಾಳಿಯನ್ನೂ ಸಣ್ಣ ಸಣ್ಣ ಓಣಿಗಳಾಗಿ ಸೀಳುತ್ತವೆ, ಒಂದು ಓಣಿಯ ಗಾಳಿ ಪಕ್ಕದ ಓಣಿಗೆ ಹೋಗಲಾರದು. ಎರಡೂ ದ್ರವ್ಯಗಳು ಬೆರೆಯದ ಅಡ್ಡಹರಿವು ಎಂದರೆ ಇದೇ. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದರ ಅರ್ಥ ತಲೆಗೆ ಇಳಿದದ್ದು ಮಾತ್ರ ಥರ್ಮೋಕಪಲ್ ಹಿಡಿದು ನಿಂತಾಗ. ಆ ಕಥೆ ಮುಂದಿದೆ.

ಗಾಳಿ ಬದಿಯ ಮೇಲ್ಮೈ 37.75 ಚದರ ಮೀಟರ್. ಚದರ ಮೀಟರಿಗೆ, ಡಿಗ್ರಿಗೆ 60 ವ್ಯಾಟ್ ಶಾಖ ದಾಟುತ್ತದೆ ಎಂದು ಹಿಡಿದೆ. ಅಲ್ಲಿಗೆ UA ಡಿಗ್ರಿಗೆ 2265 ವ್ಯಾಟ್. ನೀರಿನ ಹರಿವನ್ನು ಅದರ ವಿಶಿಷ್ಟ ಶಾಖದಿಂದ ಗುಣಿಸಿದರೆ ಡಿಗ್ರಿಗೆ 3360 ವ್ಯಾಟ್, ಗಾಳಿಯದು ಸುಮಾರು 1510. ಇವೆರಡರಲ್ಲಿ ಚಿಕ್ಕದು Cmin, ಚಿಕ್ಕದನ್ನು ದೊಡ್ಡದರಿಂದ ಭಾಗಿಸಿದರೆ Cr, ಅಂದರೆ 0.45. ಸಾಧ್ಯವಿರುವ ಗರಿಷ್ಠ ಶಾಖದಲ್ಲಿ ನಿಜಕ್ಕೂ ದಾಟುವ ಪಾಲೇ ಪರಿಣಾಮಕಾರಿತ್ವ, ಅಂದರೆ ε. ಅದಕ್ಕೆ ನಾನು ಬಳಸಿದ ಸೂತ್ರ ಇದು:

```
NTU = UA / Cmin
ε = 1 − exp{ (NTU^0.22 / Cr) · [exp(−Cr · NTU^0.78) − 1] }
```

ಮೊದಲ ಸಲ ಎಡವಿದ್ದು ಇಲ್ಲಿಯೇ. ರೇಡಿಯೇಟರ್ ಎಂದರೆ ನೀರನ್ನು ತಣಿಸುವ ಸಾಧನ ಎಂಬ ಗುಂಗಿನಲ್ಲಿ 2265ನ್ನು ನೀರಿನ 3360ರಿಂದ ಭಾಗಿಸಿಬಿಟ್ಟೆ. ಎನ್‌ಟಿಯು 0.674 ಬಂತು. Cr ಜಾಗದಲ್ಲಿ ಮಾತ್ರ ಸರಿಯಾದ 0.45ನ್ನೇ ಹಾಕಿದ್ದೆ. ಪರಿಣಾಮಕಾರಿತ್ವ 0.437 ಎಂದಾಯಿತು. ಗರಿಷ್ಠ ಶಾಖಕ್ಕೂ ನೀರಿನ 3360ನ್ನೇ ಬಳಸಿದ್ದರಿಂದ ಉತ್ತರ 80.7 ಕಿಲೋವ್ಯಾಟ್. ಈ ತಪ್ಪು ಕೂಗಿ ಹೇಳುವಂಥದ್ದಲ್ಲ, ಅದೇ ಅದರ ಕೆಡುಕು. ಗಾಳಿ 88.4 ಡಿಗ್ರಿಯಲ್ಲಿ ಹೊರಬರುತ್ತದೆ ಎಂದು ಲೆಕ್ಕ ಹೇಳಿತು. ಅದು 90ಕ್ಕಿಂತ ಕಡಿಮೆಯೇ ಇದ್ದುದರಿಂದ ನಾನು ಅನುಮಾನಪಡಲಿಲ್ಲ.

ಪಕ್ಕದ ಮೇಜಿನ ಹಿರಿಯರು ಹಾಳೆಯ ಮೇಲೆ ಕಣ್ಣಾಡಿಸಿ, "ಎದುರುಹರಿವಿಗೆ ಹಾಕಿ ನೋಡಿದ್ದೀರಾ?" ಎಂದಷ್ಟೇ ಕೇಳಿದರು. ಗಾಳಿ 35ರಿಂದ 88.4ಕ್ಕೆ ಏರಬೇಕಾದರೆ ನಿಜವಾದ ಪರಿಣಾಮಕಾರಿತ್ವ 0.97 ಇರಬೇಕು. ಇದೇ UA, ಇದೇ ಹರಿವುಗಳಿಗೆ ಎದುರುಹರಿವಿನ ಸೂತ್ರ 0.70 ಕೊಡುತ್ತದೆ, ಸಮಾಂತರ ಹರಿವಿನದು 0.61. ಎದುರುಹರಿವನ್ನು ಮೀರಿಸುವ ಜೋಡಣೆಯೇ ಇಲ್ಲ. ಅಡ್ಡಹರಿವಿನ ಉತ್ತರ ಈ ಎರಡರ ನಡುವೆ ಬೀಳಬೇಕು. ಅಂದಿನಿಂದ ಹಾಳೆಯ ಅಂಚಿನಲ್ಲಿ ಈ ಎರಡು ಅಂಕಿಗಳನ್ನು ಮೊದಲು ಬರೆದುಕೊಂಡೇ ಮುಂದುವರಿಯುತ್ತೇನೆ.

ತಿದ್ದಿದ ಲೆಕ್ಕ ಚಿಕ್ಕದು. ಎನ್‌ಟಿಯು 2265ನ್ನು 1510ರಿಂದ ಭಾಗಿಸಿದಾಗ 1.5. ಅದರ 0.78ನೆಯ ಘಾತ 1.372, 0.22ನೆಯ ಘಾತ 1.093. ಚೌಕ ಆವರಣದೊಳಗೆ −0.461 ಬರುತ್ತದೆ. ಈ ಋಣ ಚಿಹ್ನೆಯನ್ನು ಕಳೆದುಕೊಂಡರೆ ಕೊನೆಯ ಉತ್ತರವೇ ಋಣವಾಗುತ್ತದೆ, ಹಾಗಾಗಿ ಆ ತಪ್ಪು ತಾನೇ ಸಿಕ್ಕಿಬೀಳುತ್ತದೆ. ಪರಿಣಾಮಕಾರಿತ್ವ 0.673. ಗರಿಷ್ಠ ಶಾಖ 1510ನ್ನು 55 ಡಿಗ್ರಿಯಿಂದ ಗುಣಿಸಿದರೆ ಸುಮಾರು 83 ಕಿಲೋವ್ಯಾಟ್, ಅದರಲ್ಲಿ ನಮಗೆ ದಕ್ಕುವುದು 55.9. ಗಾಳಿ 72 ಡಿಗ್ರಿಯಲ್ಲಿ, ನೀರು 73.4 ಡಿಗ್ರಿಯಲ್ಲಿ ಹೊರಬರಬೇಕು.

ಸೂತ್ರ ಅಂದಾಜಿನದು, ನಿಖರವಾದ ಉತ್ತರ ಒಂದು ಅನಂತ ಶ್ರೇಣಿ. ಕುತೂಹಲಕ್ಕೆ ಅದನ್ನೂ ಕೂಡಿಸಿ ನೋಡಿದೆ. ನಾಲ್ಕು ಪದಗಳಿಗೇ ಉತ್ತರ 0.671ಕ್ಕೆ ನಿಂತಿತು. ಎರಡೂ ಹರಿವುಗಳು ಸಮನಾಗಿದ್ದು ಎನ್‌ಟಿಯು 1 ಇದ್ದಾಗ ಸೂತ್ರ 0.469 ಕೊಡುತ್ತದೆ, ಶ್ರೇಣಿ 0.476. ನಮ್ಮ ಫ್ಯಾನಿನ ಹರಿವನ್ನೇ ಅಷ್ಟು ನಿಖರವಾಗಿ ಅಳೆಯಲು ಆಗುವುದಿಲ್ಲ. ಹಾಗಾಗಿ ಸೂತ್ರವನ್ನು ದೂರುವುದನ್ನು ಬಿಟ್ಟೆ. ಒಂದೇ ಸಾಲು ಕೊಳವೆಯ ರೇಡಿಯೇಟರ್ ಆಗಿದ್ದರೆ ಮಾತು ಬೇರೆ. ಅಲ್ಲಿ ಗಾಳಿಯ ದಿಕ್ಕಿನಲ್ಲಿ ನೀರು ಬೆರೆತಂತೆಯೇ ಲೆಕ್ಕ, ಅದರ ಸೂತ್ರ ಇದೇ ಅಂಕಿಗಳಿಗೆ 0.656 ಕೊಡುತ್ತದೆ.

ಇನ್ನು ಅಳತೆ. ಗಾಳಿ ಹೊರಬರುವ ಮುಖದಲ್ಲಿ ಕೈಗೆ ಎಟುಕಿದ ಕಡೆ, ಅಂದರೆ ನೀರು ಒಳಬರುವ ಅಂಚಿನ ಬಳಿ, ಒಂದೇ ಒಂದು ಥರ್ಮೋಕಪಲ್ ಕಟ್ಟಿದ್ದೆ. ಅದು 77.5 ತೋರಿಸಿತು. ಗಾಳಿ ಪಡೆದ ಶಾಖ 64 ಕಿಲೋವ್ಯಾಟ್ ಎಂದಾಯಿತು. ನೀರು ಮಾತ್ರ 16.5 ಡಿಗ್ರಿ ಇಳಿದು 55.4 ಕಿಲೋವ್ಯಾಟನ್ನಷ್ಟೇ ಬಿಟ್ಟುಕೊಟ್ಟಿತ್ತು. ನೀರು ಕೊಡದ ಶಾಖವನ್ನು ಗಾಳಿ ಎಲ್ಲಿಂದ ತಂದಿತು? ಅರ್ಧ ದಿನ ಹರಿವಿನ ಮಾಪಕವನ್ನು ಬಿಚ್ಚಿ ಜೋಡಿಸಿದೆ. ಅದರಲ್ಲೇನೂ ದೋಷವಿರಲಿಲ್ಲ.

ಗಾಳಿ ಬೆರೆಯುವುದಿಲ್ಲವೆಂದರೆ ಹೊರಬರುವ ಮುಖದ ಉದ್ದಕ್ಕೂ ಅದು ಒಂದೇ ತಾಪಮಾನದಲ್ಲಿ ಇರುವುದಿಲ್ಲ. ನೀರು ಒಳಬರುವ ಅಂಚಿನಲ್ಲಿ ನಾಲ್ಕೂ ಸಾಲುಗಳಲ್ಲಿ ನೀರು 90ರಲ್ಲೇ ಇರುತ್ತದೆ. ಅಲ್ಲಿಯ ಓಣಿಯ ಗಾಳಿ 55 ಡಿಗ್ರಿಯಲ್ಲಿ 1 − exp(−1.5) ಪಾಲಿನಷ್ಟು ಏರಿ 77.7 ತಲುಪುತ್ತದೆ. ನನ್ನ ಥರ್ಮೋಕಪಲ್ ಹೇಳಿದ್ದು ನಿಜವೇ, ಆದರೆ ಆ ಒಂದು ಮೂಲೆಯ ನಿಜ. ಎದುರಿನ ಅಂಚಿನಲ್ಲಿ 66ರ ಆಸುಪಾಸು ಸಿಕ್ಕಿತು. ಮುಖವನ್ನು ಒಂಬತ್ತು ಸಮ ಚೌಕಗಳಾಗಿ ವಿಂಗಡಿಸಿ ಪ್ರತಿಯೊಂದರ ನಡುವೆ ಅಳೆದಾಗ ಸರಾಸರಿ 71.8 ಬಂತು, ಗಾಳಿಯ ಶಾಖ 55.6 ಕಿಲೋವ್ಯಾಟ್ ಆಗಿ ನೀರಿನ ಲೆಕ್ಕಕ್ಕೆ ಹೊಂದಿತು. ಮುಖದ ಎಲ್ಲೆಡೆ ಗಾಳಿಯ ವೇಗ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಮಾತ್ರ ಈ ಸರಳ ಸರಾಸರಿ ಸಾಕು. ಫ್ಯಾನ್ ತೀರಾ ಹತ್ತಿರವಿದ್ದರೆ ವೇಗದ ತೂಕವನ್ನೂ ಕೊಡಬೇಕು.

ಕೊನೆಗೆ ಫ್ಯಾನನ್ನು ನಿಧಾನಗೊಳಿಸಿ ಗಾಳಿಯನ್ನು ಸೆಕೆಂಡಿಗೆ 1 ಕಿಲೋಗ್ರಾಂಗೆ ಇಳಿಸಿದೆವು. Cmin ಈಗ 1007, Cr 0.30. UA ಹಾಗೆಯೇ ಇದೆಯೆಂದು ನಂಬಿ ಎನ್‌ಟಿಯು 2.25 ಹಿಡಿದೆ, ಪರಿಣಾಮಕಾರಿತ್ವ 0.82 ಎಂದು ಬಂತು, ಶಾಖ 45.5 ಕಿಲೋವ್ಯಾಟ್. ಅಳತೆಯಲ್ಲಿ ನೀರು 12.7 ಡಿಗ್ರಿಯಷ್ಟೇ ಇಳಿಯಿತು, ಅಂದರೆ 42.7 ಕಿಲೋವ್ಯಾಟ್. ಗಾಳಿ ನಿಧಾನವಾದರೆ ಫಿನ್‌ಗಳಿಂದ ಗಾಳಿಗೆ ಶಾಖ ದಾಟುವ ವೇಗವೂ ಕುಗ್ಗುತ್ತದೆ, ರೇಡಿಯೇಟರಿನ UAಯನ್ನು ಬಹುಪಾಲು ನಿರ್ಧರಿಸುವುದೂ ಆ ಬದಿಯೇ. ಅಳೆದ ಪರಿಣಾಮಕಾರಿತ್ವ 0.77. ಅದರಿಂದ ಎನ್‌ಟಿಯು ಹುಡುಕಲು ಈ ಸೂತ್ರವನ್ನು ನೇರವಾಗಿ ತಿರುಗಿಸಲು ಬರುವುದಿಲ್ಲ. ಬೇರೆ ಬೇರೆ ಬೆಲೆಗಳನ್ನು ಹಾಕುತ್ತ ಹೋಗಿ 1.85ರ ಬಳಿ ನಿಂತೆ. UA 2265ರಿಂದ ಸುಮಾರು 1860ಕ್ಕೆ ಇಳಿದಿತ್ತು. ಗಾಳಿಯ ಹರಿವಿನ ವರ್ಗಮೂಲಕ್ಕೆ ತಕ್ಕಂತೆ ಇಳಿಸಿದ್ದರೆ 1850 ಆಗುತ್ತಿತ್ತು.